ಒಂದು ಗುಡಿಸಿನ ಮಾತು

ನಿನ್ನೆ ನೀನು ಮೇಜಿನ ಮೇಲೆ ಬಿಟ್ಟುಹೋದ ಕರಡನ್ನು ರಾತ್ರಿ ಓದಿದೆ ಪುಟ್ಟಿ. ನಮ್ಮ ಜಕ್ಕೂರು ಕೆರೆಯ ಮೇಲಿನ ಸ್ಮರಣ ಸಂಚಿಕೆ ಅಂದಮೇಲೆ ಓದದೆ ಇರುವುದು ಹೇಗೆ? ಅಲ್ಪಪ್ರಾಣ ಮಹಾಪ್ರಾಣ, ಬಿಟ್ಟುಹೋದ ಒತ್ತಕ್ಷರ, ಎಲ್ಲ ಸರಿಯಾಗಿ ಹಿಡಿದಿದ್ದೀಯ. ಆದರೆ ಹದಿನಾಲ್ಕನೇ ಪುಟದಲ್ಲಿ ಕೈ ಹಾಕಬಾರದ ಕಡೆ ಕೈ ಹಾಕಿದ್ದೀಯ. ಅದಕ್ಕೇ ಇವತ್ತು ಕಾಫಿಗೆ ಕರೆದದ್ದು.

ಆ ವಾಕ್ಯ ಇದು: “ಘಟಕದ ಕಡೆಯಿಂದ ಬರುವ ಶುದ್ಧೀಕರಿಸದ ನೀರು ಮೊದಲು ಜೌಗಿಗೆ ಹರಿದು ಆಮೇಲೆ ಕೆರೆ ಸೇರುತ್ತದೆ.” ನೀನು ‘ಸ’ ಅಕ್ಷರಕ್ಕೆ ಒಂದು ಗುಡಿಸು ಹಾಕಿ ‘ಶುದ್ಧೀಕರಿಸಿದ’ ಮಾಡಿದ್ದೀಯ. ಕೇಳಿದರೆ ಏನು ಹೇಳುತ್ತೀಯ ಅಂತ ಗೊತ್ತು. ಘಟಕ ಇರುವುದೇ ಶುದ್ಧ ಮಾಡುವುದಕ್ಕೆ, ಅಲ್ಲಿಂದ ಬರುವುದು ಶುದ್ಧೀಕರಿಸಿದ ನೀರೇ ಇರಬೇಕು, ಬೆರಳಚ್ಚಿನಲ್ಲಿ ಗುಡಿಸು ಬಿಟ್ಟುಹೋಗಿದೆ. ಓದಿದವರಿಗೆಲ್ಲ ಸರಿ ಅನ್ನಿಸುವ ಊಹೆಯೇ.

ಈಗ ಕೆರೆಯ ಕಡೆ ಸ್ವಲ್ಪ ನೋಡು. ಉತ್ತರದ ತುದಿಯಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಅಲ್ಲಿಂದ ಹೊರಬಿದ್ದ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಕೆರೆಗೆ ಇಳಿಯುತ್ತದೆ. ಆದರೆ ಅದೇ ಕಡೆಯಿಂದ ರಾಜಕಾಲುವೆಯೂ ಬರುತ್ತದೆ. ಘಟಕದ ಮುಖವನ್ನೇ ನೋಡದ ಕೊಳಚೆ ಅದರಲ್ಲಿ ಹರಿದು ಅದೇ ಜೌಗಿಗೆ ಬಂದು ಸೇರಿದ್ದನ್ನು ಈ ಕೆರೆಯನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಹಾಗಿದ್ದಮೇಲೆ ಲೇಖಕರು ‘ಶುದ್ಧೀಕರಿಸದ’ ಅಂತ ಬೇಕೆಂದೇ ಬರೆದಿದ್ದರೆ?

ಮುಂದಿನ ವಾಕ್ಯದಲ್ಲಾದರೂ ಸುಳಿವು ಇದೆಯೋ ಅಂತ ನೋಡಿದೆ. “ಅಲ್ಲಿನ ಜೊಂಡು ನೀರಿನಲ್ಲಿರುವ ಗೊಬ್ಬರದ ಅಂಶವನ್ನು ಹೀರಿಕೊಳ್ಳುತ್ತದೆ” ಅಂತಿದೆ. ಶುದ್ಧೀಕರಿಸಿದ ನೀರಿನಲ್ಲೂ ನೈಟ್ರೇಟ್, ಫಾಸ್ಫೇಟ್ ಉಳಿದಿರುತ್ತದೆ, ಕೊಳಚೆಯಲ್ಲಂತೂ ಸರಿಯೇ ಸರಿ. ಹಾಗಾಗಿ ಆ ವಾಕ್ಯ ಎರಡು ಅರ್ಥಕ್ಕೂ ಹೊಂದುತ್ತದೆ. ಒಂದು ಗುಡಿಸು ಹಾಕಿದರೆ ಊರಿಗೆ ಹೊಗಳಿಕೆ, ತೆಗೆದರೆ ದೂರು. ಆ ತೀರ್ಮಾನ ನಿನ್ನ ಪೆನ್ಸಿಲ್ಲಿನದಲ್ಲ ಕಣಮ್ಮ.

ನಾನೇನು ಹುಟ್ಟುತ್ತಲೇ ಇದನ್ನು ಕಲಿತವನಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಒಬ್ಬ ಹಿರಿಯರ ಬರಹದಲ್ಲಿ “ಕೆರೆ ಕೊಡಿ ಹೋದ ವರ್ಷ” ಅಂತ ಬಂತು. ಪೇಟೆಯಲ್ಲಿ ಬೆಳೆದ ನನಗೆ ‘ಕೊಡಿ ಹೋದ’ ಅಂದರೆ ತಲೆಬುಡ ತಿಳಿಯಲಿಲ್ಲ. ‘ಕೆರೆ ಒಡೆದು ಹೋದ ವರ್ಷ’ ಮಾಡಿಬಿಟ್ಟೆ. ಎಷ್ಟು ಸರಾಗವಾಗಿ ಓದಿಸಿಕೊಂಡಿತು ಅಂದರೆ ಮುಂದೆ ಯಾರ ಕಣ್ಣೂ ಅಲ್ಲಿ ನಿಲ್ಲಲಿಲ್ಲ. ಅಚ್ಚಾದಮೇಲೆ ಆ ಯಜಮಾನರು ಪುಸ್ತಕ ಹಿಡಿದುಕೊಂಡೇ ಬಂದರು. ಅವರು ಬರೆದದ್ದು ‘ಕೋಡಿ’. ಬಿಟ್ಟುಹೋಗಿದ್ದದ್ದು ಒಂದು ದೀರ್ಘ ಅಷ್ಟೆ. ಕೆರೆ ತುಂಬಿ ಕೋಡಿ ಹರಿದು ಊರಿನವರು ಬಾಗಿನ ಕೊಟ್ಟ ವರ್ಷವನ್ನು ನಾನು ಏರಿ ಒಡೆದು ಗದ್ದೆ ಕೊಚ್ಚಿಹೋದ ವರ್ಷ ಮಾಡಿದ್ದೆ. ಅವರು ಬೈಯಲಿಲ್ಲ. “ಕೇಳಬಾರದಿತ್ತೇನಪ್ಪ” ಅಂದರು, ಅಷ್ಟೆ.

ಹಳೆಯ ಓಲೆಗರಿ ಪ್ರತಿಗಳನ್ನು ಸಂಪಾದಿಸುವವರಿಗೆ ಈ ರೋಗ ಚೆನ್ನಾಗಿ ಗೊತ್ತು. ಲಿಪಿಕಾರ ತನಗೆ ಗೊತ್ತಿಲ್ಲದ ಮಾತು ಬಂದರೆ ಗೊತ್ತಿರುವ ಮಾತನ್ನು ಕೂರಿಸಿಬಿಡುತ್ತಾನೆ. ಅದಕ್ಕೇ ಎರಡು ಪ್ರತಿಗಳಲ್ಲಿ ಎರಡು ಪಾಠ ಸಿಕ್ಕರೆ, ಸುಲಭದ ಪಾಠದ ಮೇಲೆ ಅವರಿಗೆ ಮೊದಲು ಅನುಮಾನ. ಶಾಸನ ಓದುವವರದೂ ಇದೇ ಶಿಸ್ತು. ಕಲ್ಲಿನಲ್ಲಿ ಅಕ್ಷರ ಸವೆದಿದ್ದರೆ ಚುಕ್ಕಿ ಇಡುತ್ತಾರೆ, ತಾವು ತುಂಬಿದ್ದನ್ನು ಆವರಣದೊಳಗೆ ಇಡುತ್ತಾರೆ. ಕಲ್ಲು ಹೇಳಿದ್ದು ಯಾವುದು, ತಾವು ಹೇಳಿದ್ದು ಯಾವುದು ಅನ್ನುವುದು ಓದುವವನಿಗೆ ಕಾಣಬೇಕು. ನೀನು ಹಾಕಿದ ಗುಡಿಸು ಹಾಗೆ ಕಾಣುವುದಿಲ್ಲ ನೋಡು, ಅದೇ ನನ್ನ ತಕರಾರು.

ಹಾಗಂತ ಪ್ರತಿಯೊಂದಕ್ಕೂ ಲೇಖಕರ ಮನೆ ಬಾಗಿಲು ತಟ್ಟಬೇಡ. ‘ವಿದ್ಯಾರ್ತಿ’ ಇದ್ದರೆ ‘ವಿದ್ಯಾರ್ಥಿ’ ಮಾಡು, ಯಾರನ್ನೂ ಕೇಳಬೇಡ. ನಾನು ಇಟ್ಟುಕೊಂಡಿದ್ದ ಪರೀಕ್ಷೆ ಒಂದೇ: ನನ್ನ ತಿದ್ದುಪಡಿ ತಪ್ಪಾಗಿದ್ದರೆ ಸಂಗತಿ ಬದಲಾಗುತ್ತದೆಯೇ? ಬದಲಾಗುವುದಿಲ್ಲ ಅಂದರೆ ತಿದ್ದು. ಬದಲಾಗುತ್ತದೆ ಅಂದರೆ ಮೊದಲು ಮೂಲ ಹಸ್ತಪ್ರತಿ ತೆಗೆದು ನೋಡು. ಅದರಲ್ಲಿ ಸ್ಪಷ್ಟವಾಗಿದ್ದು ಬೆರಳಚ್ಚಿನಲ್ಲಿ ಮಾತ್ರ ಕೆಟ್ಟಿದ್ದರೆ ಅದು ಊಹೆಯಲ್ಲ, ಧೈರ್ಯವಾಗಿ ತಿದ್ದಬಹುದು. ಮೂಲದಲ್ಲೂ ಹಾಗೇ ಇದ್ದು, ಹಿಂದುಮುಂದಿನ ವಾಕ್ಯ ಓದಿದಮೇಲೂ ಎರಡು ಅರ್ಥ ನಿಂತರೆ, ಅಲ್ಲಿಗೆ ಪೆನ್ಸಿಲ್ ಕೆಳಗಿಡಬೇಕು. ನಾನು ಹಸ್ತಪ್ರತಿ ನೋಡಿದೆ. ಅದರಲ್ಲೂ ‘ಶುದ್ಧೀಕರಿಸದ’ ಅಂತಲೇ ಇದೆ.

ಇನ್ನು ಕೇಳುವ ಬಗೆ. ಇಪ್ಪತ್ತೆರಡನೇ ಪುಟದ ಅಂಚಿನಲ್ಲಿ ನೀನು “ಅರ್ಥವಾಗಲಿಲ್ಲ” ಅಂತ ಬರೆದಿದ್ದೀಯ. ಲೇಖಕರಿಗೆ ಅದು ಅರ್ಥವಾಗುತ್ತದೆ, ಅವರೇ ಬರೆದದ್ದಲ್ಲವೇ? ಓದಿ, “ಸರಿಯಾಗಿಯೇ ಇದೆಯಲ್ಲ” ಅಂತ ಹಾಗೇ ಬಿಡುತ್ತಾರೆ. “ಇದು ‘ಶುದ್ಧೀಕರಿಸಿದ’ ತಾನೇ?” ಅಂತಲೂ ಕೇಳಬೇಡ. ಅವಸರದಲ್ಲಿರುವವರು “ಹೂಂ” ಅಂದುಬಿಡುತ್ತಾರೆ. ಆಮೇಲೆ ಆ ‘ಹೂಂ’ ನಿನ್ನದೋ ಅವರದೋ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನಾಗಿದ್ದರೆ ಚೀಟಿಯಲ್ಲಿ ಹೀಗೆ ಬರೆಯುತ್ತಿದ್ದೆ:

“ಪುಟ 14, ಸಾಲು 9: ‘ಶುದ್ಧೀಕರಿಸದ ನೀರು’. ಹಸ್ತಪ್ರತಿಯಲ್ಲೂ ಹೀಗೇ ಇದೆ. ಇದು (ಅ) ಘಟಕದಲ್ಲಿ ಶುದ್ಧವಾಗಿ ಹೊರಬಂದ ನೀರೋ, (ಆ) ಘಟಕಕ್ಕೆ ಹೋಗದೆ ಕಾಲುವೆಯಲ್ಲಿ ಬರುವ ಕೊಳಚೆಯೋ, (ಇ) ಎರಡೂ ಸೇರಿದ್ದೋ? ಬೇರೆ ಏನಾದರೂ ಇದ್ದರೆ ದಯವಿಟ್ಟು ಬರೆಯಿರಿ. ಸದ್ಯಕ್ಕೆ ಏನೂ ಬದಲಿಸಿಲ್ಲ.”

ಒಂದಕ್ಷರದಲ್ಲಿ ಉತ್ತರ ಬರೆಯಬಹುದು. ತೊಡಕು ಎಲ್ಲಿದೆ ಅಂತ ಅವರಿಗೂ ತಕ್ಷಣ ಕಾಣುತ್ತದೆ. ‘ಬೇರೆ ಏನಾದರೂ’ ಅನ್ನುವುದನ್ನು ಮರೆಯಬೇಡ. ನಮಗೆ ಹೊಳೆದ ಅರ್ಥಗಳಲ್ಲಿ ಒಂದೂ ಅವರದಾಗಿರದೆ ಇದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇಂಥ ಪ್ರಶ್ನೆಗಳನ್ನೆಲ್ಲ ಕೂಡಿಟ್ಟು ಒಂದೇ ಸಲ ಕೊಡು. ದಿನಕ್ಕೊಂದು ಫೋನ್ ಮಾಡಿದರೆ ನಾಲ್ಕನೆಯದಕ್ಕೆ ಅವರು “ನೀನೇ ಏನಾದರೂ ಮಾಡಮ್ಮ” ಅಂತಾರೆ. ನೀನು ಹಾಗೇ ಮಾಡಿಬಿಡುತ್ತೀಯ.

ಇನ್ನೊಂದು ಎಚ್ಚರ. ಪ್ರಶ್ನೆಯನ್ನು ವಾಕ್ಯದೊಳಗೆ ಬರೆಯಬೇಡ. ಕಾಗದದ ಮೇಲಾದರೆ ಅಂಚಿನಲ್ಲಿ ಬರೆದು ಸುತ್ತ ಗೆರೆ ಎಳೆ. ಕಂಪ್ಯೂಟರಿನಲ್ಲಾದರೆ ಪಕ್ಕದಲ್ಲಿ ಟಿಪ್ಪಣಿಯಾಗಿ ಹಾಕು. “ಇದು ಯಾವ ಇಸವಿ, ಕೇಳಬೇಕು” ಅನ್ನುವ ಮಾತು ಒಂದು ಪುಸ್ತಕದಲ್ಲಿ ಅಂದವಾಗಿ ಅಚ್ಚಾಗಿ ಬಂದಿದ್ದನ್ನು ಕಂಡಿದ್ದೇನೆ. ಅದನ್ನು ನೋಡಿ ನಾವೆಲ್ಲ ನಕ್ಕೆವು, ಪ್ರಕಾಶಕ ಒಬ್ಬನನ್ನು ಬಿಟ್ಟು.

ಬರೆದವರು ತೀರಿಕೊಂಡಿದ್ದರೆ, ಕೇಳಲು ಯಾರೂ ಇಲ್ಲದಿದ್ದರೆ? ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕಿಸಿ, ಕೆಳಗೆ ‘ಮೂಲದಲ್ಲಿ ಹೀಗಿದೆ, ಹೀಗೂ ಓದಬಹುದು’ ಅಂತ ಒಂದು ಸಾಲಿನ ಅಡಿಟಿಪ್ಪಣಿ ಹಾಕು. ಪುಟ ನೋಡಲು ಅಷ್ಟು ಚೆಂದ ಇರುವುದಿಲ್ಲ, ಇರಲಿ ಬಿಡು.

ನಿನಗೆ ಆ ಕಷ್ಟವೂ ಇಲ್ಲ. ನಿನ್ನ ಲೇಖಕರು ದಿನಾ ಬೆಳಗ್ಗೆ ಆರಕ್ಕೆ ಏರಿಯ ಮೇಲೆ ವಾಕಿಂಗ್ ಬರುತ್ತಾರೆ. ಮಂಕಿ ಟೋಪಿ ಹಾಕಿಕೊಂಡು ಮೊದಲು ಎದುರಾಗುವವರು ಅವರೇ. ನಾಳೆ ಚೀಟಿ ತೆಗೆದುಕೊಂಡು ಹೋಗು. ಅದಕ್ಕೆ ಮೊದಲು ಆ ಗುಡಿಸನ್ನು ಅಳಿಸಿಬಿಡು, ರಬ್ಬರ್ ಅಲ್ಲೇ ಕನ್ನಡಕದ ಡಬ್ಬಿಯ ಹಿಂದೆ ಇದೆ.