ಫಾಲೋವರ್ಸ್ 4,000 ಇದ್ದರೂ ರೇಟ್ ಕೇಳುವುದು ಹೇಗೆ?

ಬೆಟಗೇರಿಯ ಸೀರೆ ಅಂಗಡಿಯವರು ನಿಮ್ಮಿಂದ ಒಂದು ರೀಲ್ ಮಾಡಿಸಬೇಕೆಂದುಕೊಂಡರೆ ಮೊದಲು ಕೇಳುವುದು, "ಫಾಲೋವರ್ಸ್ ಎಷ್ಟ ಅದಾರ್ರೀ?" ಉತ್ತರ ಕೊಡಿ, ಆದರೆ ರೇಟನ್ನು ಆ ಸಂಖ್ಯೆಯ ಮೇಲೆ ಕಟ್ಟಬೇಡಿ.

ಹಂತ 1: ಲೆಕ್ಕ ತೆಗೆಯಿರಿ. ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೊಫೆಷನಲ್‌ಗೆ ಬದಲಾಯಿಸಿದರೆ ಇನ್‌ಸೈಟ್ಸ್ ಕಾಣುತ್ತದೆ. ಹಾಕಿ ವಾರ ಕಳೆದಿರುವ 9 ರೀಲ್‌ಗಳ ರೀಚ್ ಅನ್ನು ಇಳಿಕೆ ಕ್ರಮದಲ್ಲಿ ಬರೆದು 5ನೆಯದನ್ನು ಹಿಡಿಯಿರಿ. ಸರಾಸರಿ ಹಾಕಿದರೆ ಅಕಸ್ಮಾತ್ ವೈರಲ್ ಆದ ಒಂದೇ ರೀಲ್ ಲೆಕ್ಕ ಕೆಡಿಸುತ್ತದೆ. ಆ 5ನೆಯ ರೀಲಿನ ಲೈಕ್, ಕಮೆಂಟ್, ಸೇವ್, ಶೇರ್ ಕೂಡಿಸಿ, ರೀಚ್‌ನಿಂದ ಭಾಗಿಸಿ, 100ರಿಂದ ಗುಣಿಸಿ. ಬಂದದ್ದೇ ಎಂಗೇಜ್‌ಮೆಂಟ್ ಪ್ರಮಾಣ.

ಲಕ್ಷ್ಮೇಶ್ವರದ ಒಬ್ಬ ಕ್ರಿಯೇಟರ್‌ಗೆ 4,000 ಫಾಲೋವರ್ಸ್ ಎಂದಿಟ್ಟುಕೊಳ್ಳಿ. ರೀಚ್ 1,800, ಲೈಕ್ 90, ಕಮೆಂಟ್ 14, ಸೇವ್ 22, ಶೇರ್ 18, ಒಟ್ಟು 144. ಅಂದರೆ ಶೇ. 8. ಇನ್ನೊಬ್ಬರಿಗೆ 30,000 ಫಾಲೋವರ್ಸ್, ರೀಚ್ 9,000, ಒಟ್ಟು 180. ಅಲ್ಲಿ ಶೇ. 2 ಮಾತ್ರ.

ಹಂತ 2: ಕಮೆಂಟ್ ಓದಿ. ಗೆಳೆಯರು ಹಾಕುವ "ಸೂಪರ್" ಅಂಗಡಿಗೆ ಗಿರಾಕಿ ತರುವುದಿಲ್ಲ. "ರೇಟ್ ಎಷ್ಟ್ರೀ?", "ಅಂಗಡಿ ಎಲ್ಲೈತಿ?" ಎಂಬವು ತರುತ್ತವೆ. ಗಿವ್‌ಅವೇ ರೀಲ್‌ಗಳನ್ನು ಲೆಕ್ಕದಿಂದ ಬಿಡಿ. ಅಲ್ಲಿ ಜನ ಬಹುಮಾನಕ್ಕೆ ಬಂದಿರುತ್ತಾರೆ. ನೋಡುಗರು ಯಾವ ಊರಿನವರು ಎಂಬುದೂ ಇನ್‌ಸೈಟ್ಸ್‌ನಲ್ಲಿದೆ. ಕೊರಿಯರ್ ಮಾಡದ ಅಂಗಡಿಗೆ ಬೆಂಗಳೂರಿನ ಲೈಕ್‌ಗಿಂತ ಗದಗ, ಶಿರಹಟ್ಟಿ, ಮುಂಡರಗಿಯ ಲೈಕ್ ಹೆಚ್ಚು ಬೆಲೆಯದು. ಇನ್‌ಸೈಟ್ಸ್ ಪುಟದ ಸ್ಕ್ರೀನ್‌ಶಾಟನ್ನು ಮಾಲೀಕರಿಗೆ ತೋರಿಸಿ.

ಹಂತ 3: ರೇಟ್ ಕಟ್ಟಿ. ಮೊದಲು ನಿಮ್ಮ ಖರ್ಚು: ಬಸ್ ಚಾರ್ಜ್, ಶೂಟಿಂಗ್, ಎಡಿಟಿಂಗ್‌ನ ದಿನಗೂಲಿ ಸೇರಿ 1,200 ರೂಪಾಯಿ ಅನ್ನಿ. ಇದಕ್ಕಿಂತ ಕೆಳಗೆ ಇಳಿಯಬೇಡಿ. ಮೇಲೆ ಎಂಗೇಜ್‌ಮೆಂಟ್ ಒಂದಕ್ಕೆ 5 ರೂಪಾಯಿಯಂತೆ 144ಕ್ಕೆ 720. ಒಟ್ಟು 1,920. ಇದೇ ಲೆಕ್ಕದಲ್ಲಿ 30,000ದವರಿಗೆ ಬರುವುದು 2,100! ಈ 5 ರೂಪಾಯಿ ಎಲ್ಲೂ ಬರೆದಿಟ್ಟ ದರವಲ್ಲ. ಒಂದು ಸೀರೆಗೆ ಎಷ್ಟು ಉಳಿಯುತ್ತದೆ ಎಂದು ಮಾಲೀಕರನ್ನೇ ಕೇಳಿ. 400 ಉಳಿದರೆ 5 ಸೀರೆ ಮಾರಿದಾಗ ನಿಮ್ಮ ಹಣ ಹುಟ್ಟುತ್ತದೆ. ಅಷ್ಟು ಸಾಧ್ಯವೆನಿಸಿದರೆ ಅವರು ಒಪ್ಪುತ್ತಾರೆ. 20 ರೂಪಾಯಿ ಲಾಭದ ಸರಕಿಗೆ ಈ ರೇಟ್ ನಡೆಯುವುದಿಲ್ಲ.

ಹಂತ 4: ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಎಷ್ಟು ರೀಲ್, ಎಷ್ಟು ಸಲ ತಿದ್ದುಪಡಿ, ಅರ್ಧ ಮುಂಗಡ. ನಿಮ್ಮ ವಿಡಿಯೊವನ್ನು ಅವರು ತಮ್ಮ ಜಾಹೀರಾತಿಗೆ ಬಳಸಿದರೆ ಅದಕ್ಕೆ ಬೇರೆ ದುಡ್ಡು.

ಹಣದ ಬದಲು ಸೀರೆ ಕೊಟ್ಟರೂ ಅದು ಜಾಹೀರಾತೇ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ನೋಡುಗರಿಗೆ ಸ್ಪಷ್ಟವಾಗಿ, ನೀವು ಮಾತಾಡುವ ಭಾಷೆಯಲ್ಲೇ ತಿಳಿಸಬೇಕು. ಕನ್ನಡದ ರೀಲ್ ಆದರೆ "ಜಾಹೀರಾತು" ಎಂದು ಪರದೆಯ ಮೇಲೆಯೇ ಬರೆಯಿರಿ.