14, 3, 2: ಕೇಂದ್ರ ಕಚೇರಿಯ ರಜಾ ಪಟ್ಟಿಯನ್ನು ಓದುವ ಕ್ರಮ

ಹೊಸ ವರ್ಷದ ರಜಾ ಪಟ್ಟಿ ಹೊರಬಿದ್ದ ಕೂಡಲೇ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಎಲ್ಲರೂ ಹುಡುಕುವುದು ತಮಗೆ ಸಿಗುವ 2 ಪರಿಮಿತ ರಜೆಗಳನ್ನು, ಅಂದರೆ ಆರ್‌.ಎಚ್‌.ಗಳನ್ನು. ಯಾವ ಹಬ್ಬ ಯಾವ ವಾರ ಬಂತು, ಶನಿವಾರ ಭಾನುವಾರಕ್ಕೆ ಯಾವುದು ಅಂಟಿಕೊಂಡಿದೆ ಎಂಬ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಈ ಲೆಕ್ಕ ಆರಂಭವಾಗಬೇಕಾದ ಜಾಗ ಅದಲ್ಲ. ನೌಕರ ತಾನೇ ಆರಿಸಿಕೊಳ್ಳುವ 2 ರಜೆಗಳ ಬೆಲೆ ತಿಳಿಯುವುದು ಊರಿನ ಸಮಿತಿ ಎಲ್ಲರ ಪರವಾಗಿ ಆರಿಸಿದ 3 ರಜೆಗಳನ್ನು ನೋಡಿದ ಮೇಲೆಯೇ. ಹಾಗಾಗಿ ಮೊದಲು ಆ 3 ಯಾವುವು ಎಂದು ನೋಡಿ, ಅವು ಬಿಟ್ಟುಹೋದ ಹಬ್ಬಗಳನ್ನು ಗುರುತು ಹಾಕಿಕೊಂಡು, ಆಮೇಲೆ ನಿಮ್ಮ 2ಕ್ಕೆ ಕೈಹಾಕುವುದು ಸರಿಯಾದ ಕ್ರಮ.

ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ವಾರ್ಷಿಕ ಸುತ್ತೋಲೆಯಲ್ಲಿ ದೆಹಲಿಯ ಹೊರಗಿನ ಆಡಳಿತ ಕಚೇರಿಗಳಿಗೆ 14 ಕಡ್ಡಾಯ ರಜೆಗಳಿವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ದಸರಾ, ದೀಪಾವಳಿ, ಎರಡು ಈದ್‌, ಗುಡ್‌ ಫ್ರೈಡೆ, ಕ್ರಿಸ್‌ಮಸ್‌, ಮಹಾವೀರ ಜಯಂತಿ, ಗುರುನಾನಕ್‌ ಜಯಂತಿ ಮುಂತಾದವು ಇದರಲ್ಲಿ ಸೇರುತ್ತವೆ. ಇವು ದೇಶದ ತುಂಬ ಒಂದೇ. ಅದರ ಕೆಳಗೆ 12 ಸಂದರ್ಭಗಳ ಇನ್ನೊಂದು ಪಟ್ಟಿಯಿದೆ. ಹೋಳಿ, ಜನ್ಮಾಷ್ಟಮಿ, ರಾಮನವಮಿ, ಮಹಾಶಿವರಾತ್ರಿ, ಗಣೇಶ ಚತುರ್ಥಿ, ಮಕರ ಸಂಕ್ರಾಂತಿ, ರಥಯಾತ್ರೆ, ಓಣಂ, ಪೊಂಗಲ್‌, ವಸಂತ ಪಂಚಮಿ, ದಸರೆಗೆ ಇನ್ನೊಂದು ದಿನ. 12ನೆಯ ಸಾಲಿನಲ್ಲಿ ಯುಗಾದಿ, ಗುಡಿ ಪಾಡ್ವಾ, ವಿಷು, ಛಠ್‌ ಪೂಜೆ ಮೊದಲಾದವೆಲ್ಲ ಒಟ್ಟಿಗೆ. ಈ 12ರಿಂದ 3ನ್ನು ಆರಿಸುವ ಅಧಿಕಾರ ರಾಜ್ಯದ ರಾಜಧಾನಿಯಲ್ಲಿರುವ ಕೇಂದ್ರ ನೌಕರರ ಕಲ್ಯಾಣ ಸಮನ್ವಯ ಸಮಿತಿಯದು. ಮೊಬೈಲಿನಲ್ಲಿ ಓಡಾಡುವ 17 ರಜೆಗಳ ಪಟ್ಟಿ ಸಾಮಾನ್ಯವಾಗಿ ದೆಹಲಿಯದು. ಅದರಲ್ಲಿರುವ 14 ನಮಗೂ ಅನ್ವಯಿಸುತ್ತವೆ, ಉಳಿದ 3 ದೆಹಲಿಯವರಿಗಷ್ಟೇ. ಬೆಂಗಳೂರಿನಲ್ಲಿ ಕುಳಿತು ಅದನ್ನು ನಂಬಿ ರೈಲು ಟಿಕೆಟ್‌ ಮಾಡಿಸಿದರೆ ಹೋಳಿಯ ದಿನ ಕಚೇರಿ ತೆರೆದಿರಬಹುದು. ಬೆಂಗಳೂರು ಸಮಿತಿಯ ಸುತ್ತೋಲೆ ಕೈಗೆ ಬರುವವರೆಗೆ ಕಾಯಲೇಬೇಕು.

ಸಮಿತಿ ಆರಿಸುವಾಗ ಪಂಚಾಂಗಕ್ಕಿಂತ ವಾರದ ಪಾತ್ರ ದೊಡ್ಡದು ಎನ್ನಲು ದೆಹಲಿಯದೇ ಪಟ್ಟಿ ಸಾಕ್ಷಿ. 2025ರಲ್ಲಿ ರಾಮನವಮಿ ಭಾನುವಾರ ಬಂದಿತ್ತು. ಅಲ್ಲಿನ 3ರಲ್ಲಿ ಶಿವರಾತ್ರಿ, ಹೋಳಿ, ಜನ್ಮಾಷ್ಟಮಿ ಇದ್ದವು. 2026ರಲ್ಲಿ ಶಿವರಾತ್ರಿ ಭಾನುವಾರ. ಈ ಸಲ ಅದು ಹೊರಗುಳಿದು ರಾಮನವಮಿ ಒಳಗೆ ಬಂತು. ಇದಕ್ಕೆ ಕಾರಣ ಸುತ್ತೋಲೆಯ ಇನ್ನೊಂದು ನಿಯಮದಲ್ಲಿ ಸಿಗುತ್ತದೆ: ಹಬ್ಬ ವಾರದ ರಜೆಯ ದಿನ ಬಿದ್ದರೆ, ಅಥವಾ ಎರಡು ಹಬ್ಬ ಒಂದೇ ದಿನ ಬಂದರೆ, ಬದಲಿ ರಜೆ ಇಲ್ಲ. ಭಾನುವಾರದ ಹಬ್ಬವನ್ನು 3ರಲ್ಲಿ ಸೇರಿಸಿದರೆ ಒಂದು ರಜೆ ಕಳೆದುಹೋದ ಹಾಗೆ.

ಇದನ್ನೇ ಬೆಂಗಳೂರಿಗೆ ಇಟ್ಟು ನೋಡಿ. ನಮ್ಮಲ್ಲಿ 3 ಜಾಗಕ್ಕೆ ಪೈಪೋಟಿ ನಡೆಸುವ ಹಬ್ಬಗಳು 5: ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಗಣೇಶನ ಹಬ್ಬ, ಮತ್ತು ಆಯುಧಪೂಜೆಯಿಂದಾಗಿ ಬೇಕಾಗುವ ದಸರೆಯ ಹೆಚ್ಚುವರಿ ದಿನ. 2026ರಲ್ಲಿ ಶಿವರಾತ್ರಿ ತಾನಾಗಿ ಹಿಂದೆ ಸರಿಯುತ್ತದೆ. ಸಂಕ್ರಾಂತಿ ಜನವರಿ 15, ಗುರುವಾರ. ಯುಗಾದಿ ಮಾರ್ಚ್‌ 19, ಅದೂ ಗುರುವಾರ. ಗಣೇಶ ಚತುರ್ಥಿ ಸೆಪ್ಟೆಂಬರ್‌ 14, ಸೋಮವಾರ. ದಸರೆ ಕೆಲಸದ ದಿನಗಳಲ್ಲೇ ಇದೆ. ಅಲ್ಲಿಗೆ 3 ಜಾಗಕ್ಕೆ 4 ಹಬ್ಬ. ಯುಗಾದಿ, ಗಣೇಶ, ದಸರೆ ಈ 3ನ್ನು ಸಮಿತಿ ಆರಿಸಿತು ಎಂದಿಟ್ಟುಕೊಳ್ಳೋಣ. ಸಂಕ್ರಾಂತಿ ಕೈತಪ್ಪಿತೇ? ಇಲ್ಲ. 12ರಲ್ಲಿ ಆಯ್ಕೆಯಾಗದೆ ಉಳಿದ 9 ಸಂದರ್ಭಗಳನ್ನು ಪರಿಮಿತ ರಜೆಗಳ ಪಟ್ಟಿಯಲ್ಲಿ ಸೇರಿಸಲೇಬೇಕು ಎಂದು ಸುತ್ತೋಲೆಯೇ ಹೇಳುತ್ತದೆ. ಹಾಗೆ ನೋಡಿದರೆ ನೌಕರನ 2 ರಜೆಗಳು ಸಮಿತಿಯ ಆಯ್ಕೆ ಬಿಟ್ಟ ಕೊರತೆಯನ್ನು ತುಂಬುವುದಕ್ಕೇ ಇರುವಂಥವು. ಎಳ್ಳು ಬೀರುವ ಮನೆಯವರು ಒಂದನ್ನು ಜನವರಿ 15ಕ್ಕೆ ಇಟ್ಟುಕೊಳ್ಳುತ್ತಾರೆ, ಇನ್ನೊಂದು ಉಳಿಯುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಹಬ್ಬಕ್ಕೆ ಸಿ.ಎಲ್‌. ಹಾಕಿದರಾಯಿತು, ಆರ್‌.ಎಚ್‌. ಅನ್ನು ವಾರಾಂತ್ಯಕ್ಕೆ ಜೋಡಿಸಿ ಪ್ರವಾಸ ಹೋಗುವುದೇ ಲಾಭವಲ್ಲವೇ ಎಂದು ಹಲವರು ಕೇಳುತ್ತಾರೆ. ನಿಯಮ ಇದಕ್ಕೆ ಅಡ್ಡಿ ಬರುವುದಿಲ್ಲ. ಪಟ್ಟಿಯ ಯಾವ 2 ರಜೆಗಳನ್ನಾದರೂ ತೆಗೆದುಕೊಳ್ಳಬಹುದು, ಅದು ನಿಮ್ಮ ಮನೆಯ ಹಬ್ಬವೇ ಆಗಿರಬೇಕೆಂದಿಲ್ಲ. ಸಾಂದರ್ಭಿಕ ರಜೆಯ ಹಿಂದೆಯೋ ಮುಂದೆಯೋ ಸೇರಿಸಲೂ ಬಹುದು. ಆದರೆ ವರ್ಷಕ್ಕೆ ಸಿಗುವ 8 ಸಿ.ಎಲ್‌.ಗಳನ್ನು ಮಂಜೂರಾದರೆ ಯಾವ ದಿನಕ್ಕಾದರೂ ಬಳಸಬಹುದು, ಆರ್‌.ಎಚ್‌. ನಡೆಯುವುದು ಪಟ್ಟಿಯಲ್ಲಿರುವ ದಿನಕ್ಕೆ ಮಾತ್ರ. ಮಗುವಿಗೆ ಜ್ವರ ಬಂದ ದಿನ ಸಿ.ಎಲ್‌. ಕೈಹಿಡಿಯುತ್ತದೆ, ಆರ್‌.ಎಚ್‌. ಹಿಡಿಯುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿರುವ ಹಬ್ಬಕ್ಕೆ ಆರ್‌.ಎಚ್‌. ಉಳಿದಿರುವಾಗ ಸಿ.ಎಲ್‌. ಖರ್ಚು ಮಾಡುವುದು ನಷ್ಟದ ಬಾಬತ್ತು. ಬಳಸದ ಆರ್‌.ಎಚ್‌. ಡಿಸೆಂಬರ್‌ 31ಕ್ಕೆ ರದ್ದಾಗುತ್ತದೆ, ಮುಂದಿನ ವರ್ಷಕ್ಕೆ ಹೋಗುವುದಿಲ್ಲ.

ಹಾಗಂತ 2ನ್ನೂ ಜನವರಿಯಲ್ಲೇ ನಿಗದಿ ಮಾಡಿಬಿಡುವುದೂ ಅಪಾಯ. 2026ರ ಪಟ್ಟಿಯಲ್ಲಿ ಈದ್‌ ಮಿಲಾದ್‌ ಮತ್ತು ತಿರುವೋಣಂ ಒಂದೇ ದಿನ, ಆಗಸ್ಟ್‌ 26ರ ಬುಧವಾರ. ಮಿಲಾದ್‌ ಕಡ್ಡಾಯ ರಜೆಯಾದ್ದರಿಂದ ಬೆಂಗಳೂರಿನ ಮಲಯಾಳಿ ಸಹೋದ್ಯೋಗಿಗೆ ಓಣಂಗೆ ಆರ್‌.ಎಚ್‌. ಬೇಕಿಲ್ಲ ಎಂದು ಕಾಣುತ್ತದೆ. ಆದರೆ ಮಿಲಾದ್‌ ನಿಗದಿಯಾಗುವುದು ಚಂದ್ರದರ್ಶನದಿಂದ. ಎರಡು ಈದ್‌, ಮೊಹರಂ, ಮಿಲಾದ್‌ ಈ 4 ರಜೆಗಳ ದಿನಾಂಕವನ್ನು ರಾಜ್ಯ ಸರ್ಕಾರದ ತೀರ್ಮಾನ ನೋಡಿಕೊಂಡು ಬದಲಿಸುವ ಅಧಿಕಾರ ಸಮಿತಿಗಿದೆ. ಮಿಲಾದ್‌ ಒಂದು ದಿನ ಆಚೀಚೆಯಾದರೆ ಓಣಂ ಕೆಲಸದ ದಿನವಾಗುತ್ತದೆ. ಆಗ ಕೈಯಲ್ಲೊಂದು ಆರ್‌.ಎಚ್‌. ಉಳಿದಿರಬೇಕು. ಚಂದ್ರನನ್ನು ನೆಚ್ಚಿದ ರಜೆಯ ಜೊತೆ ನಿಮ್ಮ ಹಬ್ಬ ಬಿದ್ದಿದ್ದರೆ 2ನೆಯದನ್ನು ಅಲ್ಲಿಯವರೆಗೆ ಮುಟ್ಟಬೇಡಿ.

ಇನ್ನೊಂದು ಆಕ್ಷೇಪಕ್ಕೆ ನನ್ನ ಪೂರ್ಣ ಸಹಮತವಿದೆ. ಕನ್ನಡಿಗರ ವರ್ಷಾರಂಭವಾದ ಯುಗಾದಿ 12ನೆಯ ಸಾಲಿನಲ್ಲಿ ಹತ್ತಾರು ಹೆಸರುಗಳ ನಡುವೆ ಒಂದಾಗಿದೆ. ಕನ್ನಡ ರಾಜ್ಯೋತ್ಸವ 14ರಲ್ಲೂ ಇಲ್ಲ, 12ರಲ್ಲೂ ಇಲ್ಲ. ಪೀಣ್ಯದ ಕಾರ್ಖಾನೆಯ ಕಾರ್ಮಿಕನಿಗೆ 1963ರ ರಾಜ್ಯದ ಕಾಯ್ದೆಯಡಿ ನವೆಂಬರ್‌ 1 ಸಂಬಳಸಹಿತ ರಜೆ, ಅದೇ ಊರಿನ ಕೇಂದ್ರ ಕಚೇರಿಯ ಗುಮಾಸ್ತನಿಗೆ ಆ ಹಕ್ಕಿಲ್ಲ. ದೇಶಕ್ಕೆಲ್ಲ ಒಂದೇ ಪಟ್ಟಿ ಮಾಡುವಾಗ ಪ್ರತಿ ರಾಜ್ಯದ ದಿನವನ್ನೂ ಸೇರಿಸಲಾಗದು ಎಂಬ ಉತ್ತರ 14ರ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಸ್ಥಳೀಯ ಮಹತ್ವ ನೋಡಿ ಪರಿಮಿತ ರಜೆಗಳ ಪಟ್ಟಿ ತಯಾರಿಸುವ ಅಧಿಕಾರ ಬೆಂಗಳೂರಿನ ಸಮಿತಿಗೇ ಇದೆ. ರಾಜ್ಯೋತ್ಸವವೋ ಬಸವ ಜಯಂತಿಯೋ ಆ ಪಟ್ಟಿಯಲ್ಲಿ ಕಾಣದಿದ್ದರೆ ನೌಕರರ ಸಂಘ ಮನವಿ ಕೊಡಬೇಕಾದದ್ದು ಆ ಸಮಿತಿಗೆ, ಅದೂ ಮುಂದಿನ ವರ್ಷದ ಪಟ್ಟಿ ಅಂತಿಮವಾಗುವ ಮೊದಲು.