ಬಿಲ್ಲು ಅಣ್ಣನ ಹೆಸರಲ್ಲಿದೆ, ವಾರಂಟಿ ಯಾರಿಗೆ?

ಪ್ರಶ್ನೆ: ನನ್ನ ಡೆಲ್ ಲ್ಯಾಪ್‌ಟಾಪನ್ನು ಆನ್‌ಲೈನಿನಲ್ಲಿ ಮಾರಾಟಕ್ಕೆ ಇಡಬೇಕೆಂದಿದ್ದೇನೆ. ಅಣ್ಣ 2023ರ ನವೆಂಬರ್ 12ರಂದು ಕೊಡಿಸಿದ್ದು, ಬಿಲ್ಲೂ ಅವನ ಹೆಸರಲ್ಲೇ ಇದೆ. ಮೂರು ವರ್ಷದ ವಾರಂಟಿ ಇನ್ನೂ ಮುಗಿದಿಲ್ಲ. ಪರಿಚಯದವರ ಮೂಲಕ ಸುದ್ದಿ ತಿಳಿದ ಒಬ್ಬರು ಬಿಲ್ಲಿನ ಫೋಟೋ, ಸೀರಿಯಲ್ ನಂಬರ್ ಎರಡನ್ನೂ ಕಳಿಸಿ ಎನ್ನುತ್ತಿದ್ದಾರೆ. ಕೊಟ್ಟರೆ ದುರುಪಯೋಗವಾದೀತೇ? ಕೊಡದಿದ್ದರೆ ಕದ್ದ ಮಾಲು ಅಂದುಕೊಳ್ಳುತ್ತಾರೇನೋ ಎಂಬ ಚಿಂತೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಡೆಲ್‌ನಲ್ಲಿ ಸೀರಿಯಲ್ ನಂಬರಿನ ಜಾಗದಲ್ಲಿರುವುದು ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್. ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದು ಮುಗಿಯುತ್ತದೆಂದು ಯಾರಿಗೂ ಕಾಣುತ್ತದೆ. ನೀವೂ ಮೊದಲು ಅದನ್ನೇ ನೋಡಿ, ಏಕೆಂದರೆ ಅಲ್ಲಿಯ ತಾರೀಕು ನಿಮ್ಮ ಬಿಲ್ಲಿನದಕ್ಕೆ ಹೊಂದದೆ ಇರಬಹುದು. ಬಿಲ್ಲಿನ ಲೆಕ್ಕದಲ್ಲಿ ನಿಮ್ಮ ವಾರಂಟಿ 2026ರ ನವೆಂಬರ್ 11ರವರೆಗೆ ಇರಬೇಕು. ಆದರೆ ಅಂಗಡಿಯಿಂದ ಕೊಂಡ ಯಂತ್ರಕ್ಕೆ ಎಷ್ಟೋ ಸಲ ಕಂಪನಿ ಸರಕು ಹೊರಟ ದಿನದಿಂದಲೇ ಎಣಿಸಿರುತ್ತದೆ. ಆಗ ಜಾಲತಾಣದಲ್ಲಿ ಅಕ್ಟೋಬರ್ ಮೊದಲ ವಾರ ಎಂದೇ ಕಂಡೀತು. ಬಿಲ್ಲಿನ ಪ್ರತಿ ಕಳಿಸಿ ತಾರೀಕು ಸರಿಪಡಿಸಿ ಎಂದು ಕಂಪನಿಯನ್ನು ಕೇಳಬಹುದು. ಜಾಹೀರಾತು ಹಾಕುವ ಮೊದಲೇ ಈ ಕೆಲಸ ಮುಗಿಸಿ. ಅದು ಸರಿಯಾಗುವವರೆಗೆ ಜಾಲತಾಣದಲ್ಲಿ ಕಾಣುವ ತಾರೀಕನ್ನೇ ಬರೆಯಿರಿ, ಕೊಳ್ಳುವವರು ನೋಡುವುದು ಅದನ್ನೇ.

ಎಲ್ಲರೂ ಬರೆಯುವಂತೆ ‘ಇನ್ನೂ ಇಷ್ಟು ತಿಂಗಳು ವಾರಂಟಿ ಇದೆ’ ಎನ್ನಬೇಡಿ. ಜಾಹೀರಾತು ಎರಡು ತಿಂಗಳು ಅಲ್ಲೇ ಬಿದ್ದಿದ್ದರೆ ಆ ಮಾತು ಸುಳ್ಳಾಗುತ್ತದೆ. ಮುಗಿಯುವ ದಿನವನ್ನೇ ಹಾಕಿ. ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ, ಉಳಿದ ಯಂತ್ರಕ್ಕೆ ಮೂರು ವರ್ಷ ಇದ್ದರೂ ಅಷ್ಟೇ. ಇದನ್ನು ಮುಚ್ಚಿಟ್ಟರೆ ನಾಳೆ ಜಗಳ. ಅಂಗಡಿಯವರು ಬೇರೆ ಕಾಗದದಲ್ಲಿ ಮಾರಿದ ಹೆಚ್ಚುವರಿ ರಕ್ಷಣೆ ಏನಾದರೂ ಇದ್ದರೆ, ಅದು ಹೊಸಬರಿಗೆ ಸಲ್ಲುತ್ತದೆಂದು ಅಂಗಡಿಯವರೇ ಬರೆದುಕೊಡದ ಹೊರತು ಅದರ ಹೆಸರೆತ್ತಬೇಡಿ.

ಟ್ಯಾಗ್ ಯಂತ್ರದ ಅಡಿಯಲ್ಲಿ, ಡಬ್ಬದ ಮೇಲೆ, ಯಂತ್ರದೊಳಗೆ ಇರುತ್ತದೆ. ಬಹಳಷ್ಟು ಬಿಲ್ಲುಗಳಲ್ಲೂ ಅಚ್ಚಾಗಿರುತ್ತದೆ. ಒಳಗಿನದನ್ನು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಹೀಗೆ ನೋಡಬಹುದು:

```
Get-CimInstance Win32_BIOS | Select-Object SerialNumber
```

ಒಳಗಿನ ಸಂಖ್ಯೆ ಖಾಲಿಯಿದ್ದರೆ ಅಥವಾ ಅಡಿಯ ಚೀಟಿಗೆ ಹೊಂದದಿದ್ದರೆ ಯಾವಾಗಲೋ ಮದರ್‌ಬೋರ್ಡ್ ಬದಲಾಗಿರುವ ಸಾಧ್ಯತೆ ಇದೆ. ಸರ್ವಿಸ್ ಸೆಂಟರಿನವರು ಕೊಟ್ಟ ಜಾಬ್ ಶೀಟ್ ಹುಡುಕಿ ತೆಗೆದಿಡಿ. ಅದಿಲ್ಲದಿದ್ದರೆ ಕೊಳ್ಳುವವರಿಗೆ ಅನುಮಾನ ಬರುವುದು ಸಹಜ.

ಇನ್ನು ನಿಮ್ಮ ಭಯ. ಬರೀ ಟ್ಯಾಗ್ ಕೊಟ್ಟರೆ ಹೆಚ್ಚೇನೂ ಆಗದು. ಟ್ಯಾಗೂ ಅಣ್ಣನ ಹೆಸರು-ವಿಳಾಸವಿರುವ ಬಿಲ್ಲೂ ಒಟ್ಟಿಗೆ ಹೋದರೆ ತೊಂದರೆ. ಡೆಲ್‌ನ ಒಡೆತನ ಬದಲಾವಣೆಯ ಅರ್ಜಿ ಕೇಳುವುದೇ ಟ್ಯಾಗ್ ಮತ್ತು ಹಳೆ ಮಾಲೀಕರ ವಿವರ. ಅದೇ ಫೋಟೋ ತೋರಿಸಿ ‘ಇದು ನನ್ನದು’ ಎಂದು ಬೇರೆಯವರಿಂದ ಮುಂಗಡ ಹಣ ಎತ್ತುವವರೂ ಇದ್ದಾರೆ. ಆದ್ದರಿಂದ ಜಾಹೀರಾತಿನಲ್ಲಿ ಟ್ಯಾಗಿನ ಕೊನೆಯ ಮೂರು ಅಕ್ಷರ ಮುಚ್ಚಿ, ನಿಜಕ್ಕೂ ಬರುವವರಿಗೆ ಮಾತ್ರ ಪೂರ್ತಿ ಹೇಳಿ. ಬಿಲ್ಲಿನಲ್ಲಿ ತಾರೀಕು, ಅಂಗಡಿ, ಮಾದರಿಯ ಹೆಸರು ಕಂಡರೆ ಸಾಕು. ಅಣ್ಣನ ಹೆಸರು, ವಿಳಾಸ, ಫೋನ್ ನಂಬರ್ ಹಾಗೂ ಟ್ಯಾಗ್ ಇರುವ ಕಡೆ ಕಾಗದದ ತುಂಡು ಇಟ್ಟೇ ಫೋಟೋ ತೆಗೆಯಿರಿ. ಫೋನಿನ ಹೈಲೈಟರ್‌ನಿಂದ ಬಳಿದದ್ದು ಕಪ್ಪಾಗಿ ಕಂಡರೂ, ಹೊಳಪು ಹೆಚ್ಚಿಸಿದರೆ ಅಡಿಯ ಅಕ್ಷರ ಓದಲು ಸಿಗುವುದುಂಟು.

ಜಾಹೀರಾತಿನ ಸಾಲು ಹೀಗಿರಲಿ: ‘2023 ನವೆಂಬರ್ 12ರ ಬಿಲ್ಲು ಇದೆ, ನನ್ನ ಅಣ್ಣನ ಹೆಸರಲ್ಲಿ. ಕಂಪನಿಯ ವಾರಂಟಿ ಜಾಲತಾಣದ ಪ್ರಕಾರ ಇಂಥ ದಿನದವರೆಗೆ, ಬ್ಯಾಟರಿಗೆ ಇಲ್ಲ. ಒಡೆತನ ಬದಲಾಯಿಸಿಕೊಡಲಾಗುವುದು.’

ಬಿಲ್ಲು ಅಣ್ಣನ ಹೆಸರಲ್ಲಿರುವುದು ಅಡ್ಡಿಯಲ್ಲ. ಮಾದರಿ, ಟ್ಯಾಗ್, ಮೊತ್ತ, ತಾರೀಕು, ಕೊಂಡವರ ಹೆಸರು ಬರೆದು ಅಣ್ಣನಿಂದ ಒಂದು ಪುಟದ ಮಾರಾಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. (ಬಿಲ್ಲಿನಲ್ಲಿ ಅಣ್ಣನ ಕಚೇರಿಯ ಜಿಎಸ್‌ಟಿ ಸಂಖ್ಯೆ ಇದ್ದರೆ ಮಾತು ಬೇರೆ. ಯಂತ್ರ ಕಚೇರಿಯದಾಗಿರಬಹುದು, ಮೊದಲು ಅವರನ್ನು ಕೇಳಿ.) ಮೂಲ ಬಿಲ್ಲನ್ನು ಕೊಡುವುದು ಹಣ ಕೈಸೇರಿದ ಮೇಲೆ. ಅಲ್ಲೇ ಕೂತು ಇಬ್ಬರೂ ಒಡೆತನ ಬದಲಾವಣೆಯ ಅರ್ಜಿ ತುಂಬಿ. ವಿವರ ಅಣ್ಣನದಾದ್ದರಿಂದ ಅವರು ಫೋನಿನಲ್ಲಿ ಸಿಗುವ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮಲ್ಲೂ ಉಳಿಯಲಿ.